ಮನೆಯ ಕೋಣೆ, ಮನೆಯ ಇಂಟರ್ನೆಟ್: ಫ್ರೀಲಾನ್ಸ್ ಬರಹಗಾರರು ಯಾವ ಖರ್ಚನ್ನು ಯಾವ ದಾಖಲೆಯ ಮೇಲೆ ತೋರಿಸಬಹುದು

ಮನೆಯಲ್ಲೇ ಕುಳಿತು ಬರೆದು ಸಂಪಾದಿಸುವವರು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಹೊತ್ತಿಗೆ ಕೇಳುವ ಮೊದಲ ಪ್ರಶ್ನೆ, ಬಾಡಿಗೆಯಲ್ಲಿ ಮತ್ತು ಇಂಟರ್ನೆಟ್ ಬಿಲ್ಲಿನಲ್ಲಿ ಎಷ್ಟು ಪಾಲನ್ನು ಖರ್ಚೆಂದು ತೋರಿಸಬಹುದು ಎಂಬುದು. ಆದರೆ ಅದಕ್ಕಿಂತ ಮುಂಚೆ ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಈ ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸುವ ದಾರಿಯಲ್ಲಿ ನೀವು ಇದ್ದೀರೋ, ಇಲ್ಲವೋ? ಈ ಬರಹದಲ್ಲಿ 2025-26ರ ಹಣಕಾಸು ವರ್ಷವನ್ನು ಹಿಡಿದು ಲೆಕ್ಕ ಹಾಕಿದ್ದೇನೆ. ಆ ವರ್ಷದ ಆದಾಯಕ್ಕೆ 1961ರ ಕಾಯ್ದೆಯೇ ಅನ್ವಯಿಸುತ್ತದೆ. 2026ರ ಏಪ್ರಿಲ್ 1ರಿಂದ ಆಚೆಗಿನ ಆದಾಯಕ್ಕೆ 2025ರ ಹೊಸ ಕಾಯ್ದೆ ಬರುವುದರಿಂದ, ಇಲ್ಲಿ ಹೇಳುವ ಸೆಕ್ಷನ್ ಸಂಖ್ಯೆಗಳು ಮುಂದಿನ ವರ್ಷದ ಕಾಗದಗಳಲ್ಲಿ ಬೇರೆಯಾಗಿರುತ್ತವೆ.

ಅಂದಾಜು ಲಾಭವೋ, ನಿಜ ಖರ್ಚೋ

ಸೆಕ್ಷನ್ 44ಎಡಿಎ ಪ್ರಕಾರ ಕೆಲವು ವೃತ್ತಿಗಳವರು ತಮ್ಮ ಒಟ್ಟು ಸಂಭಾವನೆಯ ಅರ್ಧವನ್ನು ಲಾಭವೆಂದು ಘೋಷಿಸಿ ಐಟಿಆರ್-4ರಲ್ಲಿ ಮುಗಿಸಿಬಿಡಬಹುದು. ಉಳಿದರ್ಧವನ್ನು ಖರ್ಚೆಂದು ಕಾಯ್ದೆಯೇ ಒಪ್ಪಿಕೊಂಡುಬಿಡುತ್ತದೆ. ಬಾಡಿಗೆ, ಇಂಟರ್ನೆಟ್, ಲ್ಯಾಪ್‌ಟಾಪಿನ ಸವಕಳಿ ಎಲ್ಲವೂ ಆ ಅರ್ಧದೊಳಗೇ ಸೇರಿಹೋದಂತೆ. ಒಟ್ಟು ಸಂಭಾವನೆ 50 ಲಕ್ಷ ರೂಪಾಯಿ ಮೀರಬಾರದು. ನಗದಾಗಿ ಬಂದದ್ದು ಶೇಕಡಾ 5ಕ್ಕಿಂತ ಹೆಚ್ಚಿಲ್ಲದಿದ್ದರೆ ಆ ಮಿತಿ 75 ಲಕ್ಷ. ಈ ದಾರಿಯಲ್ಲಿ ಖರ್ಚಿನ ಬಿಲ್ಲುಗಳನ್ನು ಕೂಡಿಡುವ ತಾಪತ್ರಯ ಇಲ್ಲ. ಹಾಗೆಯೇ, ಅರ್ಧವನ್ನು ಕಳೆದ ಮೇಲೆ ಮತ್ತೆ ಬಾಡಿಗೆಯ ಪಾಲನ್ನು ಕಳೆಯುವ ಅವಕಾಶವೂ ಇಲ್ಲ.

ತೊಡಕಿರುವುದು ಅರ್ಹತೆಯಲ್ಲಿ. 44ಎಡಿಎ ಅನ್ವಯಿಸುವುದು ಸೆಕ್ಷನ್ 44ಎಎ(1)ರಲ್ಲಿ ಹೆಸರಿಸಿದ ಅಥವಾ ಅದರಡಿ ಅಧಿಸೂಚಿಸಿದ ವೃತ್ತಿಗಳಿಗೆ ಮಾತ್ರ. ವಕೀಲಿಕೆ, ವೈದ್ಯಕೀಯ, ಎಂಜಿನಿಯರಿಂಗ್, ವಾಸ್ತುಶಿಲ್ಪ, ಲೆಕ್ಕಪರಿಶೋಧನೆ, ತಾಂತ್ರಿಕ ಸಲಹೆ, ಒಳಾಂಗಣ ಅಲಂಕಾರ ಮುಂತಾದವು ಆ ಪಟ್ಟಿಯಲ್ಲಿವೆ. ಬರಹಗಾರ ಎಂಬ ಶಬ್ದ ಅಲ್ಲಿಲ್ಲ. ಆದರೆ 'ಚಲನಚಿತ್ರ ಕಲಾವಿದ' ಎಂಬುದರ ವ್ಯಾಖ್ಯೆಯೊಳಗೆ ಕಥೆಗಾರ, ಚಿತ್ರಕಥೆಗಾರ, ಸಂಭಾಷಣೆಕಾರ, ಗೀತರಚನೆಕಾರ ಇವರೆಲ್ಲ ಬರುತ್ತಾರೆ. ಹಾಗಾಗಿ ಸಿನಿಮಾಕ್ಕೆ ಸಂಭಾಷಣೆ ಬರೆಯುವವರಿಗೆ 44ಎಡಿಎ ನಿಸ್ಸಂದೇಹವಾಗಿ ಸಿಗುತ್ತದೆ; ಕಂಪನಿಗಳ ಜಾಲತಾಣಕ್ಕೆ, ಪತ್ರಿಕೆಗೆ, ಜಾಹೀರಾತಿಗೆ ಬರೆಯುವವರಿಗೆ ಸಿಗುತ್ತದೆಂದು ನಿಶ್ಚಯವಾಗಿ ಹೇಳಲಾಗದು. ಕೆಲಸ ಕೊಟ್ಟವರು ಸೆಕ್ಷನ್ 194ಜೆ ಅಡಿಯಲ್ಲಿ ಶೇಕಡಾ 10 ಟಿಡಿಎಸ್ ಹಿಡಿದಿದ್ದಾರೆ, ಆದ್ದರಿಂದ ನಾನು ವೃತ್ತಿಪರ, ಆದ್ದರಿಂದ 44ಎಡಿಎ ನನಗುಂಟು ಎಂದು ವಾದಿಸುವವರನ್ನು ಕಂಡಿದ್ದೇನೆ. ಟಿಡಿಎಸ್ ಹಿಡಿದವರ ವರ್ಗೀಕರಣದಿಂದ ನಿಮ್ಮ ವೃತ್ತಿ ಆ ಪಟ್ಟಿಗೆ ಸೇರಿಕೊಳ್ಳುವುದಿಲ್ಲ.

ಇನ್ನು ಕೆಲವರು ಸೆಕ್ಷನ್ 44ಎಡಿ ಹಿಡಿದು, ಬ್ಯಾಂಕಿನ ಮೂಲಕ ಬಂದ ಹಣದ ಶೇಕಡಾ 6 ಮಾತ್ರ ಲಾಭವೆಂದು ತೋರಿಸುತ್ತಾರೆ. ಅದು ವ್ಯಾಪಾರಕ್ಕೆಂದು ಮಾಡಿದ ವ್ಯವಸ್ಥೆ. ಪಟ್ಟಿಯಲ್ಲಿಲ್ಲದ ವೃತ್ತಿಯನ್ನು ವ್ಯಾಪಾರವೆಂದು ಕರೆಯಬಹುದೇ ಎಂಬುದೇ ಚರ್ಚೆಯ ವಿಷಯ. ಮೇಲಾಗಿ ಅದೇ ಸೆಕ್ಷನ್, ನಿಜವಾಗಿ ಗಳಿಸಿದ್ದು ಹೆಚ್ಚೆಂದು ನೀವೇ ಹೇಳುವುದಾದರೆ ಆ ಹೆಚ್ಚಿನ ಮೊತ್ತವನ್ನೇ ತೆಗೆದುಕೊಳ್ಳುತ್ತದೆ. 13 ಲಕ್ಷ ಸಂಭಾವನೆ ಪಡೆದು, ಬಹುಪಾಲು ಕೈಯಲ್ಲೇ ಉಳಿದಿರುವಾಗ, ಲಾಭ 80 ಸಾವಿರವೆಂದು ಬರೆಯುವ ಧೈರ್ಯವನ್ನು ನಾನಂತೂ ಯಾರಿಗೂ ಸೂಚಿಸಲಾರೆ.

ಉಳಿದದ್ದು ನಿಜ ಖರ್ಚಿನ ದಾರಿ: ಐಟಿಆರ್-3, ಲೆಕ್ಕಪುಸ್ತಕ, ಬಿಲ್ಲು. ಪಟ್ಟಿಯಲ್ಲಿಲ್ಲದ ಬರಹಗಾರರಿಗೆ ಇಲ್ಲಿ ಒಂದು ಅನುಕೂಲವಿದೆ, ಅದನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ಪಟ್ಟಿಯಲ್ಲಿರುವ ವೃತ್ತಿಯವರು ಅರ್ಧಕ್ಕಿಂತ ಕಡಿಮೆ ಲಾಭ ತೋರಿಸಿದರೆ, ಮತ್ತು ಒಟ್ಟು ಆದಾಯ ತೆರಿಗೆರಹಿತ ಮಿತಿ ಮೀರಿದ್ದರೆ, ಆಡಿಟ್ ಮಾಡಿಸಲೇಬೇಕು. ಪಟ್ಟಿಯ ಹೊರಗಿನವರಿಗೆ ಆ ಕಟ್ಟು ಇಲ್ಲ. ಸಂಭಾವನೆ 50 ಲಕ್ಷ ದಾಟುವವರೆಗೆ ಆಡಿಟ್ ಇಲ್ಲದೆಯೇ ನಿಜವಾದ ಖರ್ಚನ್ನು ತೋರಿಸಬಹುದು. ಆದರೆ ಹಿಂದಿನ ಮೂರು ವರ್ಷಗಳಲ್ಲಿ ಯಾವುದಾದರೂ ಒಂದರಲ್ಲಿ ಆದಾಯ 2.5 ಲಕ್ಷವನ್ನೋ ಒಟ್ಟು ಸಂಭಾವನೆ 25 ಲಕ್ಷವನ್ನೋ ದಾಟಿದ್ದರೆ ಲೆಕ್ಕಪುಸ್ತಕ ಇಡುವುದು ಕಡ್ಡಾಯ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಸರಿಪಡಿಸಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ ಯಾವ ಕಡಿತವೂ ಇಲ್ಲ ಎಂಬ ಮಾತು ಸಂಬಳದಾರರ ನಡುವೆ ಹುಟ್ಟಿದ್ದು. ಸಂಪಾದನೆಗಾಗಿ ಮಾಡಿದ ಖರ್ಚನ್ನು ಲಾಭದ ಲೆಕ್ಕದಲ್ಲಿ ಕಳೆಯಲು ಹೊಸ ಪದ್ಧತಿ ಅಡ್ಡ ಬರುವುದಿಲ್ಲ. ಅಲ್ಲಿ ಕೈತಪ್ಪುವುದು ಸೆಕ್ಷನ್ 80ಜಿಜಿಯಂಥವು, ಅಂದರೆ ವಾಸಕ್ಕೆಂದು ಕೊಡುವ ಬಾಡಿಗೆಯ ಮೇಲಿನ ವಿನಾಯಿತಿ. ಹಳೆಯ ಪದ್ಧತಿಯಲ್ಲಿ ಉಳಿದವರು 80ಜಿಜಿಯನ್ನೂ ಕೋಣೆಯ ಬಾಡಿಗೆಯನ್ನೂ ಎರಡೂ ಕೇಳುವುದಾದರೆ, ಕೆಲಸದ ಕೋಣೆಯ ಪಾಲನ್ನು ತೆಗೆದು ಉಳಿದ ಬಾಡಿಗೆಯ ಮೇಲೆ ಮಾತ್ರ 80ಜಿಜಿ ಲೆಕ್ಕ ಹಾಕಬೇಕು.

ಒಂದು ಲೆಕ್ಕ

ಬೆಂಗಳೂರಿನಲ್ಲಿ ಬಾಡಿಗೆ ಫ್ಲಾಟಿನಲ್ಲಿರುವ, ಕಂಪನಿಗಳಿಗೆ ಬರೆದುಕೊಡುವ ಒಬ್ಬ ಬರಹಗಾರ್ತಿಯನ್ನು ಉದಾಹರಣೆಗೆಂದು ಕಲ್ಪಿಸಿಕೊಳ್ಳೋಣ. ವರ್ಷದ ಸಂಭಾವನೆ 13,40,000 ರೂಪಾಯಿ, ಬೇರೆ ಆದಾಯವಿಲ್ಲ, ಹೊಸ ಪದ್ಧತಿ. ಲ್ಯಾಪ್‌ಟಾಪಿನ ಸವಕಳಿ, ತಂತ್ರಾಂಶದ ಚಂದಾ, ಓಡಾಟ, ಆಡಿಟರ ಶುಲ್ಕ ಸೇರಿ 62,000 ಖರ್ಚು. ಕೋಣೆ, ಇಂಟರ್ನೆಟ್ಟುಗಳನ್ನು ಮುಟ್ಟದಿದ್ದರೆ ಲಾಭ 12,78,000. ಅದರ ಮೇಲಿನ ತೆರಿಗೆ 71,700, ಶೇಕಡಾ 4ರ ಸೆಸ್ ಸೇರಿ ಸುಮಾರು 74,570.

ಈಗ ಮನೆಯ ಲೆಕ್ಕ. ಬಾಡಿಗೆ ತಿಂಗಳಿಗೆ 26,000, ವರ್ಷಕ್ಕೆ 3,12,000. ಫ್ಲಾಟಿನ ಕಾರ್ಪೆಟ್ ವಿಸ್ತೀರ್ಣ 1,000 ಚದರಡಿ. ಬರೆಯುವ ಕೋಣೆ 13 ಅಡಿಗೆ 10 ಅಡಿ, ಅಂದರೆ 130 ಚದರಡಿ, ಶೇಕಡಾ 13. ಬಾಡಿಗೆಯ ಪಾಲು 40,560. ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ವರ್ಷಕ್ಕೆ 24,000, ಅದರ ಪಾಲು 3,120. ವಿದ್ಯುತ್ ಬಿಲ್ಲು 21,600, ಪಾಲು 2,808. ಬ್ರಾಡ್‌ಬ್ಯಾಂಡ್ ತಿಂಗಳಿಗೆ ಜಿಎಸ್‌ಟಿ ಸೇರಿ 1,180, ವರ್ಷಕ್ಕೆ 14,160. ಅದರಲ್ಲಿ ಕೆಲಸದ ಪಾಲು ಶೇಕಡಾ 70 ಎಂದು ಹಿಡಿದರೆ 9,912. ಎಲ್ಲ ಕೂಡಿ 56,400. ಲಾಭ 12,21,600ಕ್ಕೆ ಇಳಿಯಿತು.

ತೆರಿಗೆ ಎಷ್ಟಿಳಿಯಿತು? ಶೇಕಡಾ 15ರ ಹಂತವೆಂದು ಲೆಕ್ಕ ಹಾಕಿದರೆ ಎಂಟೂವರೆ ಸಾವಿರ ಉಳಿಯಬೇಕು. ಆದರೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆಯೇ ಇಲ್ಲ, ಮತ್ತು 12 ಲಕ್ಷವನ್ನು ಸ್ವಲ್ಪವೇ ದಾಟಿದವರ ತೆರಿಗೆ, ದಾಟಿದ ಮೊತ್ತಕ್ಕಿಂತ ಹೆಚ್ಚಾಗಬಾರದು. ಹಾಗಾಗಿ ಇವರ ತೆರಿಗೆ 21,600ಕ್ಕೆ ನಿಲ್ಲುತ್ತದೆ, ಸೆಸ್ ಸೇರಿ ಸುಮಾರು 22,460. ಉಳಿತಾಯ 52 ಸಾವಿರಕ್ಕೂ ಹೆಚ್ಚು. ಖರ್ಚಿನ ಪ್ರತಿ ರೂಪಾಯಿಗೆ ತೊಂಬತ್ತು ಪೈಸೆಗೂ ಮೀರಿ ತೆರಿಗೆ ತಪ್ಪಿತು. 12 ಲಕ್ಷದ ಗೆರೆಯ ಆಸುಪಾಸಿನಲ್ಲಿರುವವರಿಗೆ, ಇಂಟರ್ನೆಟ್ಟಿನ ಪಾಲನ್ನು 70ರ ಬದಲು 90 ಮಾಡಿಬಿಡೋಣ, ಕೋಣೆಯ ಅಳತೆಗೆ ಹಾಲ್‌ನ ಜಾಗವನ್ನೂ ಸೇರಿಸೋಣ ಎಂಬ ಆಸೆ ಹುಟ್ಟುವುದು ಇಲ್ಲಿಯೇ. ಅಧಿಕಾರಿ ಕಣ್ಣಿಡಬಹುದಾದ ಜಾಗವೂ ಇದೇ. ಇನ್ನೊಂದು ಕಡೆ, ಖರ್ಚು ಕಳೆಯುವ ಮೊದಲೇ ಲಾಭ 7 ಲಕ್ಷವಿದ್ದು ಹೊಸ ಪದ್ಧತಿಯಲ್ಲಿರುವವರಿಗೆ ಈ ಲೆಕ್ಕದಿಂದ ತೆರಿಗೆಯಲ್ಲಿ ಒಂದು ರೂಪಾಯಿಯ ಲಾಭವೂ ಇಲ್ಲ. ಅವರು ದೊಡ್ಡ ಖರ್ಚುಗಳನ್ನಷ್ಟೇ ಬರೆದು ಸುಮ್ಮನಿರಬಹುದು.

ಕೋಣೆ: ಅಳತೆಯೋ, ಎಣಿಕೆಯೋ

ವೃತ್ತಿಗೆ ಬಳಸುವ ಜಾಗದ ಬಾಡಿಗೆಗೆ ಸೆಕ್ಷನ್ 30 ಇದೆ. ಮನೆಯ ಒಂದು ಭಾಗದಲ್ಲಿ ವಾಸ, ಇನ್ನೊಂದು ಭಾಗದಲ್ಲಿ ಕೆಲಸ ಎಂದಾದಾಗ ಸೆಕ್ಷನ್ 38 ಬರುತ್ತದೆ: ಕೆಲಸಕ್ಕೆ ಬಳಸಿದ ಭಾಗದ ವಾರ್ಷಿಕ ಮೌಲ್ಯಕ್ಕೆ, ಅಂದರೆ ಅದನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಬರಬಹುದಾದ ಮೊತ್ತಕ್ಕೆ ಅನುಗುಣವಾಗಿ ಅಧಿಕಾರಿ ನಿಗದಿ ಮಾಡುವಷ್ಟು ಬಾಡಿಗೆ ಸಲ್ಲುತ್ತದೆ. ಶೇಕಡಾ ಇಷ್ಟು ಎಂದು ಕಾಯ್ದೆ ಹೇಳಿಲ್ಲ. ಆದ್ದರಿಂದ ಪಾಲನ್ನು ನೀವೇ ಕಂಡುಕೊಳ್ಳಬೇಕು, ಕಂಡುಕೊಂಡ ಬಗೆಯನ್ನು ತೋರಿಸಲೂ ಬೇಕು.

ಕೋಣೆಗಳನ್ನು ಎಣಿಸುವುದು ಸುಲಭ. ಹಾಲು, ಅಡುಗೆಮನೆ, ಎರಡು ಕೋಣೆ, ಒಟ್ಟು ನಾಲ್ಕು, ಅದರಲ್ಲೊಂದು ಕೆಲಸಕ್ಕೆ, ಅಲ್ಲಿಗೆ ಶೇಕಡಾ 25. ಟೇಪು ಹಿಡಿದು ಅಳೆದರೆ ಅದೇ ಕೋಣೆ ಶೇಕಡಾ 13. ವಾರ್ಷಿಕ ಮೌಲ್ಯಕ್ಕೆ ಹತ್ತಿರವಾದದ್ದು ಅಳತೆ. ಎಣಿಕೆಯ ಪಾಲನ್ನು ಸಮರ್ಥಿಸುವುದು ಕಷ್ಟ. ಅಳೆಯುವಾಗಲೂ ಒಂದು ಎಚ್ಚರ ಬೇಕು. ಕೋಣೆಯನ್ನು ಒಳಗೋಡೆಯಿಂದ ಒಳಗೋಡೆಗೆ ಅಳೆದಿದ್ದರೆ, ಭಾಗಿಸುವುದು ಕಾರ್ಪೆಟ್ ವಿಸ್ತೀರ್ಣದಿಂದ. ಬಾಡಿಗೆ ಕರಾರಿನಲ್ಲಿ ಬರೆದಿರುವ 1,350 ಚದರಡಿ ಸೂಪರ್ ಬಿಲ್ಟ್‌ಅಪ್ ಆಗಿದ್ದು ಅದರಿಂದ ಭಾಗಿಸಿದರೆ ನಿಮ್ಮ ಪಾಲು ಶೇಕಡಾ 10ಕ್ಕೂ ಕೆಳಗಿಳಿಯುತ್ತದೆ.

ಸಂಜೆ ಆ ಕೋಣೆಯಲ್ಲಿ ಮಕ್ಕಳು ಮಲಗುವುದಾದರೆ, ನೆಂಟರು ಬಂದಾಗ ಅದು ಅತಿಥಿಕೋಣೆಯಾಗುವುದಾದರೆ, ಪಾಲನ್ನು ಇನ್ನಷ್ಟು ತಗ್ಗಿಸಬೇಕು. ಊಟದ ಮೇಜಿನ ಮೇಲೆ ಕುಳಿತು ಬರೆಯುವವರು ಬಾಡಿಗೆಯ ವಿಷಯವನ್ನೇ ಬಿಟ್ಟು ಇಂಟರ್ನೆಟ್ಟನ್ನು ಮಾತ್ರ ತೋರಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಸ್ವಂತ ಮನೆಯಾದರೆ ತನಗೆ ತಾನೇ ಬಾಡಿಗೆ ಕೊಟ್ಟಂತೆ ಬರೆಯಲು ಬರುವುದಿಲ್ಲ. ಆಸ್ತಿ ತೆರಿಗೆ, ರಿಪೇರಿ, ವಿಮೆ ಮುಂತಾದವುಗಳ ಪಾಲನ್ನು ಕೇಳಬಹುದು. ತಂದೆಯ ಮನೆಯಲ್ಲಿದ್ದು ಅವರಿಗೆ ಬಾಡಿಗೆ ಕೊಡುವುದಾದರೆ, ಅದು ನಿಜವಾಗಿ ಅವರ ಖಾತೆಗೆ ಹೋಗಿರಬೇಕು, ಊರಿನ ದರಕ್ಕೆ ಹೊಂದಿರಬೇಕು, ಅವರ ರಿಟರ್ನಿನಲ್ಲೂ ಕಾಣಬೇಕು.

ಬಾಡಿಗೆಯ ದಾಖಲೆಯೆಂದರೆ ಚಾಲ್ತಿಯಲ್ಲಿರುವ ಕರಾರುಪತ್ರ, ಮಾಲೀಕರ ಖಾತೆಗೆ ತಿಂಗಳು ತಿಂಗಳು ಹಣ ಹೋದ ಬ್ಯಾಂಕ್ ವಿವರ, ಕೋಣೆಗಳ ಅಳತೆ ಬರೆದು ದಿನಾಂಕ ಹಾಕಿದ ಒಂದು ನಕ್ಷೆ, ಕೋಣೆಯ ಒಂದೆರಡು ಫೋಟೋ. 11 ತಿಂಗಳ ಕರಾರು ಮುಗಿದು, ಬಾಯಿಮಾತಿನ ಮೇಲೆ ಮುಂದುವರಿದ ಮನೆಗಳೇ ನಮ್ಮಲ್ಲಿ ಹೆಚ್ಚು. ಹೊಸ ಕರಾರು ಇಲ್ಲದ ತಿಂಗಳುಗಳಿಗೆ ಮಾಲೀಕರಿಂದ ರಸೀದಿಯನ್ನಾದರೂ ಬರೆಸಿಕೊಳ್ಳಿ. ಒಂದೇ ದಿನ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ, ರಸೀದಿ ಎಷ್ಟೇ ಚೊಕ್ಕವಾಗಿದ್ದರೂ ಆ ಖರ್ಚು ಸಲ್ಲುವುದಿಲ್ಲ. ಕರಾರು ಗಂಡನ ಹೆಸರಿನಲ್ಲಿದ್ದು, ಹಳೆಯ ಪದ್ಧತಿಯಲ್ಲಿರುವ ಅವರು ಪೂರ್ತಿ ಬಾಡಿಗೆಯ ಮೇಲೆ ಎಚ್‌ಆರ್‌ಎ ಪಡೆಯುತ್ತಿದ್ದರೆ, ಅದೇ ಬಾಡಿಗೆಯ ಶೇಕಡಾ 13ನ್ನು ಹೆಂಡತಿ ಖರ್ಚೆಂದು ತೋರಿಸುವಂತಿಲ್ಲ. ಮನೆಯೊಳಗೆ ಇಬ್ಬರೂ ಮಾತಾಡಿಕೊಳ್ಳದೆ ಆಗುವ ತಪ್ಪಿದು. ಇಬ್ಬರ ರಿಟರ್ನುಗಳನ್ನೂ ಎದುರಿಗಿಟ್ಟುಕೊಂಡರೆ ಕೂಡಲೇ ಕಾಣುತ್ತದೆ.

ವಿದ್ಯುತ್ತಿನದು ಸಣ್ಣ ಮೊತ್ತ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬಂದ ತಿಂಗಳು ನೀವು ಕೊಟ್ಟದ್ದೇನೂ ಇಲ್ಲವಾದ್ದರಿಂದ ಕಳೆಯುವುದಕ್ಕೂ ಏನೂ ಇಲ್ಲ. ನಮ್ಮ ಉದಾಹರಣೆಯ ಮನೆ 200 ಯೂನಿಟ್ ದಾಟುತ್ತದೆಂದು ಹಿಡಿದಿದ್ದೇನೆ.

ಇಂಟರ್ನೆಟ್: ಬೇರೆ ಸಂಪರ್ಕವೋ, ಮನೆಯದರಲ್ಲೇ ಪಾಲೋ

ಕೆಲಸಕ್ಕೆಂದೇ ಬೇರೊಂದು ಸಂಪರ್ಕ ಹಾಕಿಸಿಕೊಂಡರೆ ಪೂರ್ತಿ ಬಿಲ್ಲನ್ನು ತೋರಿಸಬಹುದು, ಪಾಲಿನ ವಾದವೇ ಇರುವುದಿಲ್ಲ. ಆದರೆ ತಿಂಗಳಿಗೆ ಜಿಎಸ್‌ಟಿ ಸೇರಿ 708 ರೂಪಾಯಿಯ ಒಂದು ಪ್ಲಾನ್ ತೆಗೆದುಕೊಂಡರೆ ವರ್ಷಕ್ಕೆ 8,496 ಹೊಸದಾಗಿ ಕೈಬಿಡುತ್ತದೆ, ಮನೆಯ 14,160 ಇದ್ದೇ ಇರುತ್ತದೆ. ಇದ್ದ ಸಂಪರ್ಕದಲ್ಲೇ 9,912 ಸಿಗುತ್ತಿರುವಾಗ, ದಾಖಲೆಯ ಅಚ್ಚುಕಟ್ಟುತನಕ್ಕಾಗಿಯೇ ಎರಡನೆಯದನ್ನು ಹಾಕಿಸುವುದು ದುಬಾರಿ ಅಚ್ಚುಕಟ್ಟುತನ. ಕರೆಂಟು ಹೋದಾಗ, ಕೇಬಲ್ ಕತ್ತರಿಸಿದಾಗ ಕೆಲಸ ನಿಲ್ಲಬಾರದೆಂಬ ಕಾರಣಕ್ಕೆ ಹಾಕಿಸಿದರೆ ಅದು ಬೇರೆ ಮಾತು.

ಹಂಚಿಕೊಂಡ ಸಂಪರ್ಕದಲ್ಲಿ ಪಾಲನ್ನು ಎರಡು ರೀತಿಯಲ್ಲಿ ಕಾಣಬಹುದು: ಬಳಸಿದ ಡೇಟಾ, ಇಲ್ಲವೇ ಬಳಸಿದ ಗಂಟೆ. ರೂಟರಿನ ಆ್ಯಪಿನಲ್ಲಿ ಪ್ರತಿ ಸಾಧನದ ಡೇಟಾ ಕಾಣುವುದರಿಂದ ಮೊದಲನೆಯದು ನಿಖರವೆನಿಸುತ್ತದೆ. ಆದರೆ ಬರಹಗಾರರಿಗೆ ಅದು ನ್ಯಾಯದ ಅಳತೆಯಲ್ಲ. ದಿನವಿಡೀ ಕಡತ ಕಳಿಸಿ, ಹುಡುಕಿ, ಓದಿದರೂ ಆಗುವ ಡೇಟಾ, ರಾತ್ರಿ ಟಿವಿಯಲ್ಲಿ ನೋಡಿದ ಒಂದು ಸಿನಿಮಾದಷ್ಟೂ ಆಗದಿರಬಹುದು. ಬಿಲ್ಲು ತಿಂಗಳಿಗೆ ಇಂತಿಷ್ಟೆಂದು ನಿಗದಿಯಾಗಿದ್ದು ಡೇಟಾದ ಮೇಲೆ ಏರಿಳಿಯದಿರುವಾಗ, ಗಂಟೆಯ ಲೆಕ್ಕವೇ ಸಮಂಜಸ. ಈ ಕಾರಣವನ್ನು ಎರಡು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ, ಕೇಳಿದಾಗ ಹೇಳಲು ಬೇಕಾಗುತ್ತದೆ.

ಗಂಟೆ ಬರೆಯಲು ವರ್ಷವಿಡೀ ದಿನಚರಿ ಬೇಕಿಲ್ಲ. ಎಂದಿನಂತೆ ಕೆಲಸವಿರುವ ಎರಡು ವಾರ ಸಾಕು, ಆರು ತಿಂಗಳ ಬಳಿಕ ಇನ್ನೊಮ್ಮೆ ಮಾಡಿದರೆ ಒಳ್ಳೆಯದು. ನಮ್ಮ ಬರಹಗಾರ್ತಿಯ ನೋಟುಬುಕ್ಕಿನ ಒಂದು ಪುಟ ಹೀಗಿರಬಹುದು: "ಜೂನ್ 9, ಸೋಮವಾರ. 9.30ರಿಂದ 1, ಗ್ರಾಹಕರ ಕರೆ ಮತ್ತು ಕರಡು. 2.30ರಿಂದ 6, ತಿದ್ದುಪಡಿ, ಇನ್‌ವಾಯ್ಸ್. 6.30ರಿಂದ 7.30, ಮಗಳ ಆನ್‌ಲೈನ್ ಪಾಠ. 9ರಿಂದ 10.30, ಟಿವಿ." ಆ ದಿನ ಕೆಲಸಕ್ಕೆ ಏಳು ಗಂಟೆ, ಮನೆಗೆ ಎರಡೂವರೆ. ಹದಿನಾಲ್ಕು ದಿನಗಳಲ್ಲಿ 120 ಗಂಟೆಯ ಬಳಕೆ, ಅದರಲ್ಲಿ ಕೆಲಸದ್ದು 84. ಶೇಕಡಾ 70 ಬಂದದ್ದು ಹೀಗೆ. ಅದೇ ದಿನಗಳ ಇಮೇಲು ಮತ್ತು ಇನ್‌ವಾಯ್ಸುಗಳ ಜೊತೆ ಪುಟವನ್ನು ತಾಳೆ ನೋಡಬಹುದಾದ್ದರಿಂದಲೇ ಅದಕ್ಕೆ ಬೆಲೆ. ನೋಟಿಸು ಬಂದ ಮೇಲೆ ಒಂದೇ ಪೆನ್ನಿನಲ್ಲಿ ಕುಳಿತು ಬರೆದ ದಿನಚರಿಯನ್ನು ಗುರುತಿಸುವುದು ಕಷ್ಟವಲ್ಲ.

ಇಂಟರ್ನೆಟ್ ಖರ್ಚಿನ ದಾಖಲೆಯಲ್ಲಿ ಜನ ಹೆಚ್ಚಾಗಿ ಎಡವುವುದು ಯುಪಿಐ ಸ್ಕ್ರೀನ್‌ಶಾಟನ್ನೇ ಸಾಕೆಂದುಕೊಂಡಾಗ. ಅದು ಹಣ ಹೋಯಿತೆಂದು ಹೇಳುತ್ತದೆ, ಯಾವುದಕ್ಕೆ ಹೋಯಿತೆಂದು ಹೇಳುವುದಿಲ್ಲ. ಬಿಲ್ಲು ಯಾವುದಕ್ಕೆಂದು ಹೇಳುತ್ತದೆ, ಹಣ ಸಂದಾಯವಾಯಿತೆಂದು ಹೇಳುವುದಿಲ್ಲ. ಎರಡೂ ಬೇಕು, ಮೊತ್ತ ಮತ್ತು ತಿಂಗಳು ಹೊಂದಬೇಕು, ಬಿಲ್ಲಿನಲ್ಲಿ ಸಂಪರ್ಕವಿರುವ ವಿಳಾಸ ಕರಾರುಪತ್ರದ ವಿಳಾಸವೇ ಆಗಿರಬೇಕು. ಸಂಪರ್ಕ ಮನೆಯ ಬೇರೆಯವರ ಹೆಸರಿನಲ್ಲಿದ್ದರೆ ನಿಮ್ಮ ಖಾತೆಯಿಂದಲೇ ಹಣ ಕಟ್ಟಿ. ಆಗದಿದ್ದರೆ ಹೆಸರನ್ನೇ ಬದಲಿಸಿಕೊಳ್ಳಿ.

ಬಿಲ್ಲುಗಳನ್ನು ಆಯಾ ತಿಂಗಳೇ ಇಳಿಸಿಕೊಳ್ಳುವ ಅಭ್ಯಾಸ ನನಗೆ ಬಂದದ್ದು ಒಮ್ಮೆ ಪೆಟ್ಟು ತಿಂದ ಮೇಲೆ. ನಾನು ಮನೆ ಬದಲಿಸಿದಾಗ ಸಂಪರ್ಕ ಕೊಟ್ಟಿದ್ದ ಸಂಸ್ಥೆ ಹೊಸ ಗ್ರಾಹಕ ಸಂಖ್ಯೆ ಕೊಟ್ಟಿತು, ಹಳೆಯ ಸಂಖ್ಯೆಯ ಲಾಗಿನ್ ಮುಚ್ಚಿತು, ಅದರೊಡನೆ ಏಳು ತಿಂಗಳ ಬಿಲ್ಲುಗಳೂ ಹೋದವು. ಬ್ಯಾಂಕ್ ವಿವರದಲ್ಲಿ ಹಣ ಹೋದದ್ದು ಕಾಣುತ್ತಿತ್ತು, ಬಿಲ್ಲು ಮಾತ್ರ ಎಷ್ಟು ಫೋನು ಮಾಡಿದರೂ ಸಿಗಲಿಲ್ಲ. ಆ ಏಳು ತಿಂಗಳ ಖರ್ಚನ್ನು ನಾನು ತೋರಿಸಲೇ ಇಲ್ಲ.

ಜಿಎಸ್‌ಟಿ ನೋಂದಣಿ ಇರುವವರು ಇನ್ನೊಂದು ಗಮನಿಸಬೇಕು. ಬಿಲ್ಲಿನ ಮೇಲಿನ ತೆರಿಗೆಯಲ್ಲಿ ಕೆಲಸದ ಪಾಲನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆದಿದ್ದರೆ, ಅದೇ ಮೊತ್ತವನ್ನು ಆದಾಯ ತೆರಿಗೆಯಲ್ಲಿ ಮತ್ತೆ ಖರ್ಚೆಂದು ಕಳೆಯಬಾರದು. ನೋಂದಣಿ ಇಲ್ಲದವರಿಗೆ ಪೂರ್ತಿ 1,180ರ ಮೇಲೆಯೇ ಪಾಲು.

ಕೇಳಿದಾಗ ಕೊಡುವುದು

ರಿಟರ್ನಿನ ಜೊತೆ ಈ ಯಾವ ಕಾಗದವನ್ನೂ ಲಗತ್ತಿಸುವುದಿಲ್ಲ. ಐಟಿಆರ್-3ರ ಲಾಭನಷ್ಟದ ಭಾಗದಲ್ಲಿ ಬಾಡಿಗೆ, ವಿದ್ಯುತ್, ದೂರವಾಣಿ ಮುಂತಾದ ಸಾಲುಗಳಲ್ಲಿ ಮೊತ್ತಗಳನ್ನು ಬರೆಯುತ್ತೀರಿ, ಅಷ್ಟೆ. ಪರಿಶೀಲನೆಗೆ ಆಯ್ಕೆಯಾಗಿ ನೋಟಿಸು ಬಂದಾಗ ಮಾತ್ರ ಪೋರ್ಟಲಿನಲ್ಲಿ ದಾಖಲೆ ಏರಿಸಬೇಕಾಗುತ್ತದೆ, ಮತ್ತು ಖರ್ಚು ವೃತ್ತಿಗಾಗಿಯೇ ಆಯಿತೆಂದು ತೋರಿಸುವ ಹೊಣೆ ನಿಮ್ಮದು. ಪಾಲಿಗೆ ಆಧಾರವಿಲ್ಲದಿದ್ದರೆ, ಸ್ವಂತ ಬಳಕೆ ಇದ್ದೇ ಇರುತ್ತದೆಂದು ಹೇಳಿ ಒಂದು ಅಂದಾಜು ಭಾಗವನ್ನು ಅಧಿಕಾರಿ ತಳ್ಳಿಹಾಕುವುದು ಸಾಮಾನ್ಯ. ಸ್ವಂತ ಬಳಕೆಯ ಶೇಕಡಾ 30ನ್ನು ಮೊದಲೇ ನೀವೇ ಬಿಟ್ಟಿದ್ದು, ಹೇಗೆ ಬಿಟ್ಟಿರಿ ಎಂಬುದಕ್ಕೆ ಪುಟಗಳಿದ್ದರೆ, ಅಂಥ ಕಡಿತಕ್ಕೆ ಉತ್ತರ ಕೊಡಬಹುದು.

ನಮ್ಮ ಬರಹಗಾರ್ತಿಯ ಕಡತದಲ್ಲಿ ಇರಬೇಕಾದದ್ದು ಇಷ್ಟು: ಕರಾರುಪತ್ರ, ಅಳತೆಯ ನಕ್ಷೆ, ಹನ್ನೆರಡು ತಿಂಗಳ ಬಾಡಿಗೆ, ಮೇಂಟೆನೆನ್ಸ್, ವಿದ್ಯುತ್ ಮತ್ತು ಇಂಟರ್ನೆಟ್ ಬಿಲ್ಲುಗಳು, ಅವುಗಳ ಪಾವತಿ ಕಾಣುವ ಬ್ಯಾಂಕ್ ವಿವರ, ಎರಡು ವಾರದ ದಿನಚರಿ, ಮತ್ತು ಶೇಕಡಾ 13, ಶೇಕಡಾ 70 ಹೇಗೆ ಬಂದವೆಂದು ವಿವರಿಸುವ, ಸಹಿ ಹಾಕಿದ ಒಂದು ಹಾಳೆ. ಪಟ್ಟಿಯಲ್ಲಿರುವ ವೃತ್ತಿಗಳಿಗೆ ನಿಯಮ 6ಎಫ್ ಹೇಳುವಂತೆ, ಸಂಬಂಧಪಟ್ಟ ಕರನಿರ್ಧಾರಣೆ ವರ್ಷ ಮುಗಿದ ಮೇಲೆ ಆರು ವರ್ಷ ಪುಸ್ತಕಗಳನ್ನು ಉಳಿಸಿಕೊಳ್ಳಬೇಕು. ಪಟ್ಟಿಯ ಹೊರಗಿನವರೂ ಅದೇ ಅವಧಿಯನ್ನು ಅನುಸರಿಸುವುದು ಕ್ಷೇಮ. 2025-26ರ ಕಡತವನ್ನು ಆ ಲೆಕ್ಕದಲ್ಲಿ 2033ರ ಮಾರ್ಚ್ ಕೊನೆಯವರೆಗೆ ಇಟ್ಟುಕೊಳ್ಳಬೇಕಾಗುತ್ತದೆ.